ತಲೆ ಬದಲಿಸಿದ ಫೋಟೊ ಪರೀಕ್ಷಿಸಲು ಜಿಂಪ್: ವರ್ಷಗಟ್ಟಲೆ ಬಳಸಿದ ಮೇಲೆ

ಗುಂಪಿನ ಫೋಟೊ ಅಂದ ಮೇಲೆ ಯಾರಾದರೂ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಶಾಟ್‌ನಿಂದ ಅವರ ತಲೆ ತಂದು ಇಲ್ಲಿ ಕೂರಿಸುವುದು ನಾನು ಆಗಾಗ ಮಾಡುವ ಕೆಲಸ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ನನಗೆ ಬೇಡ, ಹಾಗಾಗಿ ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್ ಜಿಂಪ್. ಅದರ ಟೂಲ್‌ಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಕತ್ತರಿಸಿ, ಮಾಸ್ಕ್ ಹಾಕಿ, ಕೂರಿಸುವುದು ಹೇಗೆ ಅಂತಲೂ ಇಲ್ಲಿ ಬರೆಯುವುದಿಲ್ಲ. ಎಲ್ಲ ಮುಗಿಯಿತು ಅನ್ನಿಸಿದ ಮೇಲೆ ನಾನು ಮಾಡುವ ಪರೀಕ್ಷೆಯ ಬಗ್ಗೆ ಮಾತ್ರ ಹೇಳುತ್ತೇನೆ. ಈ ಸಾಫ್ಟ್‌ವೇರ್ ನನಗೆ ಇಷ್ಟವಾಗಿದ್ದೂ ಅಲ್ಲೇ, ಕಿರಿಕಿರಿ ಮಾಡಿದ್ದೂ ಅಲ್ಲೇ.

ಮೊದಲು ಇಷ್ಟವಾದದ್ದು. ವ್ಯೂ ಮೆನುವಿನಲ್ಲಿ `View > Flip & Rotate > Flip Horizontally` ಅಂತ ಇದೆ. ಇದು ನಾವು ನೋಡುವ ನೋಟವನ್ನಷ್ಟೇ ಎಡಬಲ ಮಾಡುತ್ತದೆ, ಫೈಲ್ ಹಾಗೇ ಇರುತ್ತದೆ. ತಿರುಗಿಸಿದ ನೋಟದಲ್ಲೇ ಬ್ರಷ್ ಹಿಡಿದು ಮಾಸ್ಕ್ ತಿದ್ದಬಹುದು. `Image > Transform` ಒಳಗೂ ಅದೇ ಹೆಸರಿನ ಆಯ್ಕೆ ಇದೆ, ಆದರೆ ಅದು ಚಿತ್ರವನ್ನೇ ತಿರುಗಿಸುತ್ತದೆ. ಹಾಗೇ ಎಕ್ಸ್‌ಪೋರ್ಟ್ ಮಾಡಿದರೆ ಅಂಗಿಯ ಮೇಲಿನ ಅಕ್ಷರ ಕೂಡ ಉಲ್ಟಾ ಬರುತ್ತದೆ. ನೋಟ ತಿರುಗಿಸುವುದಕ್ಕೆ ನಾನು ಎಫ್9 ಕೀ ಕೊಟ್ಟುಕೊಂಡಿದ್ದೇನೆ. `Edit > Keyboard Shortcuts`ನಲ್ಲಿ ಹುಡುಕಿ ಕೀ ಒತ್ತಿದರೆ ಆಯಿತು.

ಇತ್ತೀಚಿನ ಒಂದು ಕೆಲಸ ಹೇಳುತ್ತೇನೆ. ಹಿಂದಿನ ಸಾಲಿನಲ್ಲಿ ನಿಂತವರೊಬ್ಬರ ಕಣ್ಣು ಮುಚ್ಚಿತ್ತು. ಕಣ್ಣು ತೆರೆದಿದ್ದ ಶಾಟ್ ಸ್ವಲ್ಪ ಹೊತ್ತಿನ ನಂತರದ್ದು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಂದಿತ್ತು. ತಲೆ ಕೂರಿಸಿ, ಬಣ್ಣ ಹೊಂದಿಸಿ, ಅಂಚು ಮೆತ್ತಗೆ ಮಾಡಿದ ಮೇಲೆ ನೋಡಿದರೆ ಏನೂ ತಪ್ಪು ಕಾಣಲಿಲ್ಲ. ಎಫ್9 ಒತ್ತಿದೆ. ತಲೆ ಒಂದು ಕಡೆ ವಾಲಿದ ಹಾಗೆ, ಪಕ್ಕದವರ ತಲೆಗಿಂತ ಭಾರವಾದ ಹಾಗೆ ಕಂಡಿತು.

ಒಂದೇ ಚಿತ್ರವನ್ನು ತುಂಬಾ ಹೊತ್ತು ನೋಡಿದರೆ ಅದರ ವಾಲುವಿಕೆಗೆ ಕಣ್ಣು ಒಗ್ಗಿಹೋಗುತ್ತದೆ. ತಿರುಗಿಸಿದಾಗ ವಾಲು ಆಚೆ ಕಡೆಗೆ ಹೋಗುತ್ತದೆ, ಆಗ ಎದ್ದು ಕಾಣುತ್ತದೆ. ಆದರೆ ಈ ಹೊಸ ಕಣ್ಣು ಕೆಲವೇ ಸೆಕೆಂಡು ಇರುತ್ತದೆ. ಆಮೇಲೆ ತಿರುಗಿಸಿದ ಚಿತ್ರವೂ ಅಭ್ಯಾಸವಾಗುತ್ತದೆ. ಹಾಗಾಗಿ ಮೊದಲ ನೋಟಕ್ಕೆ ಏನು ಅನ್ನಿಸಿತೋ ಅದನ್ನು ಬರೆದಿಟ್ಟುಕೊಂಡು ತಕ್ಷಣ ವಾಪಸ್ ತಿರುಗಿಸುತ್ತೇನೆ.

ಅನ್ನಿಸಿಕೆಯನ್ನು ಅಳತೆಯಿಂದ ಖಚಿತ ಮಾಡಿಕೊಳ್ಳಬೇಕು, ಅಲ್ವಾ? ಮೆಷರ್ ಟೂಲ್ ಹಿಡಿದು ಎರಡೂ ಶಾಟ್‌ಗಳಲ್ಲಿ ಕಣ್ಣಿನ ಹೊರತುದಿಯಿಂದ ಇನ್ನೊಂದು ಕಣ್ಣಿನ ಹೊರತುದಿಗೆ ಅಳೆದೆ. ಮೂಲ ಶಾಟ್‌ನಲ್ಲಿ 84 ಪಿಕ್ಸೆಲ್, ತಂದ ತಲೆಯಲ್ಲಿ 89. ಆ ಹೊತ್ತಿಗೆ ಅವರು ಸ್ವಲ್ಪ ಮುಂದೆ ಬಾಗಿದ್ದರು. ತಲೆಯನ್ನು 94 ಶೇಕಡಾಕ್ಕೆ ಇಳಿಸಿ, ಕಣ್ಣಿನ ಗೆರೆ ಮೂಲದ ಕೋನಕ್ಕೆ ಬರುವಷ್ಟು ತಿರುಗಿಸಿದೆ. ಮತ್ತೆ ಎಫ್9. ಈ ಸಲ ಸರಿ ಕಂಡಿತು.

ಇಲ್ಲಿಯವರೆಗೆ ನನಗೆ ಜಿಂಪ್ ಮೇಲೆ ಬರೀ ಪ್ರೀತಿ. ಕಪ್ಪುಬಿಳುಪಿನ ವಿಷಯಕ್ಕೆ ಬಂದಾಗ ಬೇಸರ ಶುರುವಾಗುತ್ತದೆ.

ನೋಟವನ್ನು ತಿರುಗಿಸಿದಷ್ಟೇ ಸುಲಭವಾಗಿ ಕಪ್ಪುಬಿಳುಪು ಮಾಡಲು ಇಲ್ಲಿ ಒಂದು ಗುಂಡಿ ಇರಬೇಕಿತ್ತು. ಇಲ್ಲ. ಹಾಗಾಗಿ ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ ಮಾಡಿ, ಕಪ್ಪು ತುಂಬಿ, ಮೋಡ್ ಬದಲಿಸಬೇಕು. ಮೋಡ್ ಪಟ್ಟಿಯಲ್ಲಿ ಎರಡು ಹೆಸರು ಸಿಗುತ್ತವೆ: `HSL Color` ಮತ್ತು `LCh Color`. ಎರಡೂ ಬಣ್ಣ ತೆಗೆದುಹಾಕುತ್ತವೆ. ಆದರೆ ಬೆಳಕನ್ನು ಎರಡೂ ಬೇರೆ ಬೇರೆ ರೀತಿ ಲೆಕ್ಕ ಹಾಕುತ್ತವೆ. ಎಚ್‌ಎಸ್‌ಎಲ್ ಲೆಕ್ಕದಲ್ಲಿ ಅಪ್ಪಟ ಹಳದಿ ಮತ್ತು ಅಪ್ಪಟ ನೀಲಿ ಎರಡಕ್ಕೂ ಒಂದೇ ಬೂದು ಬರುತ್ತದೆ. ನಮ್ಮ ಕಣ್ಣಿಗೆ ಹಳದಿ ಎಷ್ಟು ಬೆಳ್ಳಗೆ, ನೀಲಿ ಎಷ್ಟು ಕಪ್ಪಗೆ! ಬಿಸಿಲಿನ ಹಳದಿ ಬಿದ್ದ ಮುಖ, ನೆರಳಿನ ನೀಲಿ ತಾಗಿದ ಕುತ್ತಿಗೆ ಪಕ್ಕಪಕ್ಕ ಇರುವಾಗ ಈ ಲೆಕ್ಕ ನಂಬಿದರೆ ತಪ್ಪು ಮುಚ್ಚಿಹೋಗಬಹುದು. `LCh Color` ಕಣ್ಣಿಗೆ ಕಾಣುವ ಬೆಳಕಿಗೆ ಹತ್ತಿರ. ಪರೀಕ್ಷೆಗೆ ಅದೇ ಬೇಕು. ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು? ಇದೇ ನನ್ನ ದೊಡ್ಡ ದೂರು.

ಲೇಯರ್ ಒಮ್ಮೆ ಮಾಡಿಟ್ಟ ಮೇಲೆ ಮಾತ್ರ ಕೆಲಸ ಖುಷಿ ಕೊಡುತ್ತದೆ. ಅದಕ್ಕೆ "ಬೂದು" ಅಂತ ಹೆಸರಿಟ್ಟು, ಪಕ್ಕದ ಕಣ್ಣಿನ ಗುರುತು ಒತ್ತುತ್ತಾ ಇರುತ್ತೇನೆ. ಬಣ್ಣ, ಬೂದು, ಬಣ್ಣ, ಬೂದು. ಮೇಲೆ ಹೇಳಿದ ಫೋಟೊದಲ್ಲಿ ಬೂದು ಹಾಕಿದ ಕೂಡಲೇ ಮುಖ ಸಾಲಿನಿಂದ ಮುಂದೆ ಬಂದು ನಿಂತಂತೆ ಕಂಡಿತು. ಬಣ್ಣದಲ್ಲಿ ಚರ್ಮ ಹೊಂದಿತ್ತು, ಬೆಳಕು ಹೊಂದಿರಲಿಲ್ಲ. ಕಲರ್ ಪಿಕರ್‌ನಲ್ಲಿ `Sample merged` ಹಾಕಿ ಎಲ್‌ಸಿಎಚ್ ಓದು ನೋಡಿದೆ. ಬೆಳಕಿನ ಅಂಕಿ ಹಣೆಯ ಮೇಲೆ 71. ಅವರ ಕಣ್ಣು ಮುಚ್ಚಿದ್ದ ಮೂಲ ಶಾಟ್‌ನಲ್ಲಿ, ಮೋಡದ ಬೆಳಕಿನಲ್ಲಿ, ಹಣೆ 64 ಇತ್ತು. ಕರ್ವ್ಸ್‌ನಲ್ಲಿ ನಡುಭಾಗ ಸ್ವಲ್ಪ ಕೆಳಗೆಳೆದೆ. ಇನ್ನೊಂದು ಗುರುತು ಗಲ್ಲದ ಕೆಳಗೆ ಇತ್ತು. ಬಿಸಿಲಿನ ತಲೆಯ ಗಲ್ಲದಡಿ ಚೂಪು ಅಂಚಿನ ನೆರಳು, ಮೋಡದ ಕುತ್ತಿಗೆಯ ಮೇಲೆ ಅದರ ಮುಂದುವರಿಕೆ ಇಲ್ಲ. ಆ ಚೂಪು ಅಂಚನ್ನು ಮಾಸ್ಕಿನಿಂದ ತೆಗೆದು, ಮಲ್ಟಿಪ್ಲೈ ಮೋಡಿನ ಲೇಯರ್ ಮೇಲೆ ಅಗಲವಾದ ಮೆತ್ತನೆ ಬ್ರಷ್‌ನಿಂದ ತೆಳು ನೆರಳು ಹಾಕಿದೆ. ತಲೆ ಆಗ ಕುತ್ತಿಗೆಯ ಮೇಲೆ ಕೂತಿತು.

ಬೂದು ಎಲ್ಲವನ್ನೂ ಹಿಡಿಯುವುದಿಲ್ಲ. ಮುಖ ಜಾಸ್ತಿ ಕೆಂಪಾಗಿದ್ದು ಬೆಳಕು ಸರಿಯಿದ್ದರೆ ಬೂದಿನಲ್ಲಿ ಪಾಸಾಗುತ್ತದೆ. ಅದಕ್ಕೇ ಲೇಯರ್ ಮುಚ್ಚಿ ಬಣ್ಣವನ್ನು ಇನ್ನೊಮ್ಮೆ ನೋಡಲೇಬೇಕು. ಎಕ್ಸ್‌ಪೋರ್ಟ್‌ಗೆ ಮುಂಚೆಯೂ ಮುಚ್ಚಬೇಕು, ಇಲ್ಲದಿದ್ದರೆ ಫೋಟೊ ಕಪ್ಪುಬಿಳುಪಾಗಿ ಹೊರಬರುತ್ತದೆ.

ಜೂಮ್ ಬಗ್ಗೆ ಕೊನೆಗೆ. ಕೀಬೋರ್ಡಿನ 1 ಒತ್ತಿದರೆ 100 ಶೇಕಡಾ, 2 ಒತ್ತಿದರೆ 200. ಈ ಎರಡರಲ್ಲೇ ನಾನು ದೋಷ ಹುಡುಕುವುದು. 67 ಶೇಕಡಾದಂಥ ಜೂಮ್‌ನಲ್ಲಿ ಪಿಕ್ಸೆಲ್‌ಗಳು ಬೆರೆತುಹೋಗಿ ಕಾಳುಕಾಳು ಕಾಣದೇ ಹೋಗುತ್ತದೆ. ನಮ್ಮ ಫೋಟೊದಲ್ಲಿ ದೋಷ ಇದ್ದದ್ದು ಆ ಕಾಳಿನಲ್ಲೇ. ತಲೆಯನ್ನು 94ಕ್ಕೆ ಇಳಿಸಿದಾಗ ಅದರ ನಾಯ್ಸ್ ಕರಗಿ ಕೆನ್ನೆ ನುಣ್ಣಗಾಗಿತ್ತು, ಕುತ್ತಿಗೆ ಮಾತ್ರ ಒರಟು. `Filters > Noise > RGB Noise`ನಲ್ಲಿ ತೀರಾ ಕಡಿಮೆ ಪ್ರಮಾಣ ಕೊಟ್ಟು, ಕೆನ್ನೆ ಮತ್ತು ಕುತ್ತಿಗೆ ಎರಡೂ ಒಟ್ಟಿಗೆ ಕಾಣುವಂತೆ 200ರಲ್ಲಿ ಇಟ್ಟು ಹೊಂದಿಸಿದೆ. ಕೂದಲಿನ ಅಂಚಿಗೆ ಬಿಸಿಲಿನ ಹಿನ್ನೆಲೆಯ ಬಿಳಿ ಗೆರೆ ಅಂಟಿತ್ತು. ಅದನ್ನು ಸಣ್ಣ ಬ್ರಷ್‌ನಿಂದ ಮಾಸ್ಕಿನಲ್ಲಿ ಕಪ್ಪು ಹಚ್ಚಿ ಅಳಿಸಿದೆ.

ಜೂಮ್ ಕೊನೆಗೆ ಅಂದದ್ದು ಸುಮ್ನೆ ಅಲ್ಲ. ತಲೆಯ ಗಾತ್ರ ಬದಲಾದರೆ ನಾಯ್ಸ್ ಮತ್ತೆ ಹೊಂದಿಸಬೇಕು, ಅಂಚಿನ ಮಾಸ್ಕ್ ಮತ್ತೆ ತಿದ್ದಬೇಕು. ತಿರುಗಿಸಿ ಗಾತ್ರ, ಬೂದಿನಲ್ಲಿ ಬೆಳಕು ಗಟ್ಟಿಯಾದ ಮೇಲೆ ಕೂದಲಿಗೆ ಕೈ ಹಾಕಿದರೆ ಆ ಸೂಕ್ಷ್ಮ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಆ ಬೂದು ನೋಟಕ್ಕೂ ಎಫ್9ರ ಹಾಗೆ ಒಂದೇ ಕೀ ಸಿಕ್ಕಿದರೆ ನನ್ನ ದೂರು ಮುಗಿದಂತೆ.