ನಾಲ್ಕು ವರ್ಷ, ಐದು ಕೇಕು: ಫೋಟೋ ತೋರಿಸಿ ಆರ್ಡರ್ ಕೊಟ್ಟ ಕಥೆ

ಕಲಬುರಗಿಯಲ್ಲಿ ನಮ್ಮ ಮನೆ ಹತ್ತಿರದ ಬೇಕರಿಯಿಂದ ನಾಲ್ಕು ವರ್ಷದಲ್ಲಿ ಐದು ಬರ್ತ್‌ಡೇ ಕೇಕ್ ತಂದಿದ್ದೇನೆ. ರುಚಿಗೆ ಹೆಸರಿಡುವಂತಿಲ್ಲ. ತಕರಾರು ಒಂದೇ: ವಾಟ್ಸಾಪ್‌ನಲ್ಲಿ ಯಾವ ಫೋಟೋ ಕಳಿಸಿದರೂ "ಆಗ್ತದ್ರಿ" ಅಂತಾರೆ. ಮೊದಲ ವರ್ಷ ಅರಮನೆ ಫೋಟೋ ಕಳಿಸಿ ಒಂದು ಕೆಜಿ ಹೇಳಿದ್ದೆ. ಬಂದದ್ದು ಗುಡಿಸಲು!

ತಪ್ಪು ನನ್ನದೂ ಇತ್ತು. ಅಲ್ಲಿಂದೀಚೆಗೆ ಫೋಟೋಗೆ ಸ್ಕೇಲ್ ಹಿಡಿದು ನೋಡುತ್ತೇನೆ.

ಈ ಮೇ ತಿಂಗಳು ಮಗಳ ಐದನೇ ಹುಟ್ಟುಹಬ್ಬಕ್ಕೆ ಮೂರು ಫೋಟೋ ಆರಿಸಿದ್ದೆ. ಮೊದಲನೆಯದು ಯುನಿಕಾರ್ನ್. ಮೊಬೈಲ್‌ನಲ್ಲಿ ಅಳೆದರೆ ಅಗಲ 4 ಸೆಂ.ಮೀ., ಎತ್ತರ 5. ಕೊಂಬು, ಕಿವಿ ಬಿಟ್ಟು ಬರೀ ಕೇಕಿನ ಲೆಕ್ಕ ಇದು. ನಮ್ಮ ಬೇಕರಿಯ ಒಂದು ಕೆಜಿ ದುಂಡು ಕೇಕು ಸುಮಾರು 7 ಇಂಚು ಅಗಲ, 4 ಇಂಚು ಎತ್ತರ ಇರುತ್ತದೆ. ಅಂದರೆ ಗಿಡ್ಡ. ಅದೇ ಅಗಲಕ್ಕೆ ಫೋಟೋದ ಆಕಾರ ಬರಬೇಕಾದರೆ ಎತ್ತರ ಹೆಚ್ಚುಕಡಿಮೆ 9 ಇಂಚು ಬೇಕು, ಎರಡು ಕೆಜಿ ದಾಟುತ್ತದೆ. ಒಂದೇ ಕೆಜಿಯಲ್ಲಿ ಮಾಡಿದರೆ ಅಗಲ ಐದೂವರೆ ಇಂಚಿಗೆ ಇಳಿಯುತ್ತದೆ. ಈ ಸಲ ಕೌಂಟರ್ ಬಿಟ್ಟು ಸೀದಾ ಮಾಸ್ಟರ್‌ನ ಕೇಳಿದೆ. "ಅಕ್ಕಾರ, ಮಾಡಿ ಕೊಡ್ತೀನ್ರಿ, ಆದ್ರ ಗಾಡಿ ಮ್ಯಾಲೆ ನಿಲ್ಲಂಗಿಲ್ಲ" ಅಂದರು. ಆ ಫೋಟೋ ಅಲ್ಲಿಗೆ ಬಿಟ್ಟೆ.

ಎರಡನೆಯದು ಕಾಡಿನ ಕೇಕು. ಮೈ ಕಾಗದದ ಹಾಗೆ ನುಣ್ಣಗೆ, ಅಂಚು ಚೂಪು. ಹೊಳಪಿಲ್ಲ, ಚಾಕು ಆಡಿದ ಗುರುತೂ ಇಲ್ಲ. ಹಾಗಿದ್ದರೆ ಸಾಮಾನ್ಯವಾಗಿ ಅದು ಫಾಂಡೆಂಟ್, ಅಂದರೆ ಲಟ್ಟಿಸಿ ಹೊದಿಸಿದ ಸಕ್ಕರೆ ಹಾಳೆ. ಕ್ರೀಮಿನಲ್ಲಿ ಅದೇ ನೋಟ ಬರುವುದಿಲ್ಲ. ಮೇಲೆ ಸಿಂಹ, ಆನೆ, ಜಿರಾಫೆ ಎಲ್ಲ ಒಂದೇ ಕಡೆ ನಿಂತಿದ್ದವು. ನಮ್ಮ ಮೇ ಬಿಸಿಲಿಗೆ ವಿಪ್ಪಿಂಗ್ ಕ್ರೀಮ್ ಮೆತ್ತಗಾಗಿ, ಭಾರದ ಆಟಿಕೆ ನಿಧಾನಕ್ಕೆ ವಾಲುತ್ತದೆ. ಕಳೆದ ವರ್ಷ ಒಂದು ಕಾರು ದೀಪ ಹಚ್ಚುವ ಮೊದಲೇ ಮೂಗು ಹೂತುಕೊಂಡಿತ್ತು!

ಮೂರನೆಯದನ್ನೇ ಒಪ್ಪಿಕೊಂಡೆ. ಬಿಳಿ ಕ್ರೀಮು, ಒಂದು ಅಂಚಿಗೆ ಅರ್ಧಚಂದ್ರದ ಹಾಗೆ ಹೂವು, ಉಳಿದದ್ದು ಖಾಲಿ. ಮೊದಲು ನೋಡಿದಾಗ ಬೋಳು ಅನ್ನಿಸಿತ್ತು. ಆದರೆ ಆ ಖಾಲಿ ಜಾಗ ಬೇಕು. ಕನ್ನಡದಲ್ಲಿ ಹೆಸರು ಬರೆಸುವವರು ಇದನ್ನು ಗಮನಿಸಿ, ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ? "ಭಾಗ್ಯಶ್ರೀ" ಬರೆಯಲು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಜಾಗ ಹಿಡಿಯಿತು. ಮಗಳ ಹಟಕ್ಕೆ ಹಗುರವಾದ ಒಂದು ಕಾಗದದ ಸಿಂಹ ಸೇರಿಸಿದೆವು. ಹೂವಿನ ಎದುರು ಬದಿಗೆ ಇಡಿ ಅಂದೆ. ಎತ್ತರ ಕೇಕಿನಷ್ಟೇ, 4 ಇಂಚು.

ಫೋಟೋದ ಹಾಗೇ ಬಂತು, ಹೂವಿನ ಗುಲಾಬಿ ಬಣ್ಣ ಮಾತ್ರ ಸ್ವಲ್ಪ ಕಡು. ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಕಡಿತ ಆ "ಆಗ್ತದ್ರಿ"ಗೆ.