ಲೀಗಲ್ ಅಳತೆಯ ಕ್ರಯಪತ್ರವನ್ನು ಎ4ಗೆ ತಂದ ಕಥೆ: ಮೂರು ವಿಧಾನಗಳ ಹೋಲಿಕೆ

ಗೃಹಸಾಲದ ಅರ್ಜಿಯೊಂದಿಗೆ ಕ್ರಯಪತ್ರ ಮತ್ತು ಅದರ ಹಿಂದಿನ ದಾಖಲೆಗಳನ್ನೆಲ್ಲ ಎ4 ಅಳತೆಯ ಒಂದೇ ಪಿಡಿಎಫ್ ಆಗಿ ಕೊಡಬೇಕೆಂದು ಬ್ಯಾಂಕಿನವರು ಕೇಳಿದಾಗ, ಇದು ಹತ್ತು ನಿಮಿಷದ ಕೆಲಸವೆಂದೇ ನಾನು ಭಾವಿಸಿದ್ದೆ. ನನ್ನ ಬಳಿ ಇದ್ದ ಸ್ಕ್ಯಾನ್ ಪ್ರತಿಯಲ್ಲಿ 34 ಪುಟಗಳಿದ್ದವು. ಕ್ರಯಪತ್ರದ ಪುಟಗಳು ಲೀಗಲ್ ಅಳತೆಯವು, ಖಾತೆ ಮತ್ತು ಇತರ ಕಾಗದಗಳು ಎ4, ಕಂದಾಯದ ರಸೀದಿ ಕೈಯಗಲದ್ದು, ನಿವೇಶನದ ನಕ್ಷೆಯದು ಮಾತ್ರ ಅಡ್ಡ ಪುಟ. ಮೊದಲು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಮೇಲೆ ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಮನೆಗೆ ಬಂದು ನೋಡಿದರೆ, ಪ್ರತಿ ಪುಟದ ತಳದಲ್ಲಿ ಇರಬೇಕಾದ ಮಾರಾಟಗಾರರ ಸಹಿ ಅರ್ಧಕ್ಕೆ ತುಂಡಾಗಿತ್ತು, ಕೊನೆಯ ಪುಟದಲ್ಲಿ ಎರಡನೆಯ ಸಾಕ್ಷಿಯ ಹೆಸರೇ ಇರಲಿಲ್ಲ.

ಕಾರಣ ಸರಳವಾಗಿದೆ. ಲೀಗಲ್ ಹಾಳೆಯ ಉದ್ದ 355.6 ಮಿ.ಮೀ., ಎ4 ಹಾಳೆಯದು 297 ಮಿ.ಮೀ. ಅಂಗಡಿಯಲ್ಲಿ ಮುದ್ರಣದ ಆಯ್ಕೆ `Actual size` ಎಂದಿದ್ದುದರಿಂದ ಪುಟವನ್ನು ಕುಗ್ಗಿಸದೆ ನಡುವಿಗೆ ಕೂರಿಸಲಾಗಿತ್ತು. ಹೀಗಾಗಿ ಮೇಲೂ ಕೆಳಗೂ ಸುಮಾರು 29 ಮಿ.ಮೀ.ಯಷ್ಟು ಭಾಗ ಹಾಳೆಯಿಂದ ಹೊರಗುಳಿಯಿತು. ಮೇಲಿನದು ಖಾಲಿ ಅಂಚಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಏನನ್ನೂ ಕತ್ತರಿಸದೆ ಹೊಂದಿಸಬೇಕೆಂದರೆ ಇಡೀ ಪುಟವನ್ನು ಶೇ. 83.5ಕ್ಕೆ ಇಳಿಸಬೇಕು. ಆಗ 12 ಪಾಯಿಂಟಿನ ಅಕ್ಷರ 10 ಪಾಯಿಂಟಿಗೆ ಬರುತ್ತದೆ, ಎರಡೂ ಬದಿಯಲ್ಲಿ ಸುಮಾರು 15 ಮಿ.ಮೀ. ಬಿಳಿ ಅಂಚು ಉಳಿಯುತ್ತದೆ. ಆ ಅಂಚು ಚೆನ್ನಾಗಿ ಕಾಣುವುದಿಲ್ಲವೆಂದು ಅಗಲವನ್ನು ಎಳೆದು ತುಂಬಿಸಲು ಹೋದರೆ ನೋಂದಣಿ ಕಚೇರಿಯ ದುಂಡು ಮೊಹರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅಂಥ ಪ್ರತಿಯನ್ನು ಯಾರೇ ಆದರೂ ಅನುಮಾನದಿಂದ ನೋಡಿಯಾರು.

ಆಮೇಲೆ ಮನೆಯಲ್ಲೇ ಕುಳಿತು ಮೂರು ವಿಧಾನಗಳನ್ನು ಪ್ರಯತ್ನಿಸಿದೆ. ಅವುಗಳಲ್ಲಿ ನನಗೆ ಒಗ್ಗಿದ್ದು ಘೋಸ್ಟ್‌ಸ್ಕ್ರಿಪ್ಟ್ ಎಂದು ಮೊದಲೇ ಹೇಳಿಬಿಡುತ್ತೇನೆ. ಜಾಲತಾಣಗಳಲ್ಲಿ ಉಚಿತವಾಗಿ ಅಳತೆ ಬದಲಿಸಿಕೊಡುವ ಸೇವೆಗಳನ್ನು ನಾನು ಮುಟ್ಟಲೇ ಇಲ್ಲ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳಿರುವ ಕ್ರಯಪತ್ರವನ್ನು ಗುರುತಿಲ್ಲದ ಸರ್ವರಿಗೆ ಏರಿಸುವ ಧೈರ್ಯ ನನಗಿಲ್ಲ.

ಘೋಸ್ಟ್‌ಸ್ಕ್ರಿಪ್ಟ್ ಉಚಿತ ತಂತ್ರಾಂಶ. ಅದಕ್ಕೆ ಕಿಟಕಿಯೂ ಗುಂಡಿಯೂ ಇಲ್ಲ, ಆದೇಶವನ್ನು ಟೈಪ್ ಮಾಡಿಯೇ ಕೆಲಸ ಮಾಡಿಸಬೇಕು. ನನ್ನನ್ನು ಒಂದು ಸಂಜೆ ಪೂರ್ತಿ ಕಾಡಿದ್ದು ಇದೇ ಆದೇಶ. ಮೊದಲ ಸಲ ನಾನು ಕಾಗದದ ಅಳತೆಯನ್ನಷ್ಟೇ ಹೇಳಿದೆ. ತಂತ್ರಾಂಶವು ಮೂಲ ಕಡತದ ಪುಟದ ಅಳತೆಯನ್ನೇ ಹಿಡಿದು, ಲೀಗಲ್ ಪುಟಗಳನ್ನು ಲೀಗಲ್ ಆಗಿಯೇ ಹಿಂದಿರುಗಿಸಿತು. ಎರಡನೆಯ ಸಲ `-dFIXEDMEDIA` ಸೇರಿಸಿದೆ. ಪುಟದ ಅಳತೆಯನ್ನು ಪರೀಕ್ಷಿಸಿದಾಗ ಎಲ್ಲವೂ ಎ4 ಎಂದು ಬಂತು, ತಳದ ಸಹಿಗಳೂ ಪೂರ್ತಿಯಾಗಿ ಕಂಡವು. ಕೆಲಸ ಮುಗಿಯಿತೆಂದು ಕಡತವನ್ನು ನಮ್ಮ ಭಾವನಿಗೆ ಕಳುಹಿಸಿದೆ. ಅವರು ಐದೇ ನಿಮಿಷದಲ್ಲಿ ಫೋನ್ ಮಾಡಿ, “ಎರಡನೇ ಪುಟ ವಾಕ್ಯದ ಮಧ್ಯದಿಂದ ಶುರುವಾಗ್ತಿದೆಯಲ್ಲ, ನೋಡಿದ್ರಾ?” ಎಂದರು.

ಆದದ್ದು ಇಷ್ಟು. ಪಿಡಿಎಫ್ ಪುಟದ ಅಳತೆ ಸಾಮಾನ್ಯವಾಗಿ ಕೆಳಗಿನ ಎಡಮೂಲೆಯಿಂದ ಆರಂಭವಾಗುತ್ತದೆ. ನಾನು ಕಾಗದವನ್ನು ಎ4 ಎಂದು ಬಿಗಿಗೊಳಿಸಿದ್ದೆನೇ ಹೊರತು ಅದರ ಮೇಲಿನ ವಿಷಯವನ್ನು ಕುಗ್ಗಿಸಲು ಹೇಳಿರಲಿಲ್ಲ. ಆದ್ದರಿಂದ ಕೆಳಗಿನ ಎಡಮೂಲೆ ಸರಿಯಾಗಿ ಕುಳಿತು, ಮೇಲಿನ 58.6 ಮಿ.ಮೀ. ಮತ್ತು ಬಲಬದಿಯ 6 ಮಿ.ಮೀ. ಹಾರಿಹೋಗಿದ್ದವು. ಅಂಗಡಿಯ ಪ್ರತಿಯಲ್ಲಿ ತಳದ ಸಹಿಗೆ ಬಂದ ಗತಿ ನನ್ನ ಪ್ರತಿಯಲ್ಲಿ ತಲೆಯ ಸಾಲುಗಳಿಗೆ ಬಂದಿತ್ತು. ಪುಟದ ಅಳತೆ ಎ4 ಎಂದು ಬಂದ ಮಾತ್ರಕ್ಕೆ ವಿಷಯವೆಲ್ಲ ಉಳಿದಿದೆಯೆಂದು ಅರ್ಥವಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ವಿಷಯವನ್ನು ಕುಗ್ಗಿಸುವ ಮಾತು `-dPDFFitPage`, ಮತ್ತು ಈ ಎರಡೂ ಒಟ್ಟಿಗೆ ಇರಬೇಕು:

```
gs -o a4.pdf -sDEVICE=pdfwrite -sPAPERSIZE=a4 -dFIXEDMEDIA -dPDFFitPage kraya.pdf
```

ವಿಂಡೋಸ್‌ನಲ್ಲಿ `gs` ಬದಲು `gswin64c` ಎಂದು ಬರೆಯಬೇಕಾಗುತ್ತದೆ. ನಕ್ಷೆಯ ಅಡ್ಡ ಪುಟವನ್ನು ಅದು ತಾನೇ ತಿರುಗಿಸಿ ಹಾಳೆಯ ತುಂಬ ಕೂರಿಸಿತು. ಪರದೆಯ ಮೇಲೆ ಕತ್ತು ವಾಲಿಸಿ ನೋಡಬೇಕಾದರೂ ನಿವೇಶನದ ಅಳತೆಗಳನ್ನು ಓದಲು ಸಾಧ್ಯವಾಯಿತು. ಆದರೆ ಕೈಯಗಲದ ಕಂದಾಯದ ರಸೀದಿಯನ್ನೂ ಅದು ಹಿಗ್ಗಿಸಿ ಪುಟ ತುಂಬಿಸಿತು. ಚಿಕ್ಕ ಪುಟವನ್ನು ಹಾಗೆಯೇ ಬಿಡುವ ವಿವೇಕ ಈ ಆದೇಶಕ್ಕಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಲ್ಲಿಂದಲೋ ನಕಲು ಮಾಡಿದ ಆದೇಶದಲ್ಲಿ `-dPDFSETTINGS=/ebook` ಎಂಬ ತುಂಡು ಸೇರಿಕೊಂಡಿತ್ತು. ಕಡತ ಚಿಕ್ಕದಾಯಿತೆಂದು ಸಂತೋಷಪಟ್ಟೆ. ಆದರೆ ಅದು 300 ಡಿಪಿಐಯ ಚಿತ್ರಗಳನ್ನು 150ಕ್ಕೆ ಇಳಿಸುತ್ತದೆ. ಮೊಹರಿನ ಸುತ್ತಲಿನ ಸಣ್ಣ ಅಕ್ಷರಗಳು ನೇರಳೆ ಮಸಿಯ ಕಲೆಯಂತೆ ಕಲಸಿಹೋಗಿದ್ದವು. ಆ ತುಂಡನ್ನು ಕಿತ್ತುಹಾಕಿದ ಮೇಲೆ ಅಕ್ಷರಗಳು ಮರಳಿ ಬಂದವು.

ಎರಡನೆಯದು ಪಿಡಿಎಫ್‌ಜಾಮ್, ಇದೂ ಆದೇಶ ಟೈಪ್ ಮಾಡಿ ಬಳಸುವ ಉಚಿತ ತಂತ್ರಾಂಶ.

```
pdfjam --paper a4paper --outfile a4.pdf kraya.pdf
```

ಇದರ ಗುಣವೆಂದರೆ ವಿಷಯವನ್ನು ಕುಗ್ಗಿಸಿ ಹೊಂದಿಸುವುದೇ ಇದರ ಸಹಜ ನಡವಳಿಕೆ. ನಾನು ಮಾಡಿದಂಥ ಅರೆಬರೆ ಆದೇಶಕ್ಕೆ ಇಲ್ಲಿ ಅವಕಾಶವಿಲ್ಲ. ಆದರೆ ಅದರ ಹಿಂದೆ ಲಾಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಇರಬೇಕು, ಈ ಒಂದು ಕೆಲಸಕ್ಕಾಗಿ ಅಷ್ಟು ದೊಡ್ಡ ವ್ಯವಸ್ಥೆಯನ್ನು ಅನುಸ್ಥಾಪಿಸುವುದು ನನಗೆ ಭಾರವೆನಿಸಿತು. ಅಡ್ಡ ಪುಟವನ್ನು ಅದು ತಿರುಗಿಸದೆ ನಿಂತ ಹಾಳೆಯ ನಡುವೆ ಶೇ. 70ಕ್ಕೆ ಕುಗ್ಗಿಸಿತು, ನಕ್ಷೆಯ ಅಂಕಿಗಳನ್ನು ಓದಲು ಭೂತಗನ್ನಡಿ ಬೇಕಾಯಿತು. ಪಿಡಿಎಫ್‌ನಲ್ಲಿ ಕೊಂಡಿಗಳಿದ್ದರೆ ಅವೂ ಇಲ್ಲಿ ಉಳಿಯುವುದಿಲ್ಲ. ಸ್ಕ್ಯಾನ್ ಪ್ರತಿಗೆ ಅದು ಲೆಕ್ಕಕ್ಕಿಲ್ಲ.

ಮೂರನೆಯದು ವಿಂಡೋಸ್‌ನಲ್ಲಿ ಕಡತವನ್ನು ಅಡೋಬಿ ರೀಡರ್‌ನಲ್ಲಿ ತೆರೆದು, ಅದರ ಮುದ್ರಣದ ಕಿಟಕಿಯಲ್ಲಿ `Microsoft Print to PDF` ಆರಿಸಿ, ಹಾಳೆಯನ್ನು ಎ4 ಎಂದಿಟ್ಟು, `Actual size` ಬದಲು `Fit` ಒತ್ತುವುದು. ಅಂಗಡಿಯವರು ಮೊದಲೇ ಇದನ್ನು ಒತ್ತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ರಸೀದಿ ಹಿಗ್ಗಬಾರದೆಂದರೆ `Shrink oversized pages` ಇನ್ನೂ ಒಳ್ಳೆಯದು, ಏಕೆಂದರೆ ಅದು ದೊಡ್ಡ ಪುಟಗಳನ್ನು ಮಾತ್ರ ಕುಗ್ಗಿಸುತ್ತದೆ. ವರ್ಷಕ್ಕೊಮ್ಮೆ ನಾಲ್ಕು ಪುಟ ಬದಲಿಸುವ ಭಾವನಿಗೆ ನಾನು ಹೇಳಿಕೊಟ್ಟದ್ದು ಇದನ್ನೇ. ನನಗಾದರೋ ಮನೆಯವರ, ನೆರೆಯವರ ದಾಖಲೆಗಳನ್ನೆಲ್ಲ ಹೊಂದಿಸಿಕೊಡುವ ಅಭ್ಯಾಸವಿದೆ, ಲಿನಕ್ಸ್ ಲ್ಯಾಪ್‌ಟಾಪ್ ಇದೆ, ತಿಂಗಳ ಚಂದಾ ಕಟ್ಟಿ ತಂತ್ರಾಂಶ ಕೊಳ್ಳುವ ಮನಸ್ಸಿಲ್ಲ. ಒಮ್ಮೆ ಸರಿಪಡಿಸಿದ ಆದೇಶವನ್ನು ಹಾಗೆಯೇ ಮತ್ತೆ ಓಡಿಸಬಹುದಾದ ಘೋಸ್ಟ್‌ಸ್ಕ್ರಿಪ್ಟ್ ನನಗೆ ಸಾಕು.

ಓಡಿಸುವ ಮುನ್ನ ಪ್ರತಿ ಪುಟದ ಅಳತೆಯನ್ನು ಹೀಗೆ ನೋಡಿಕೊಳ್ಳುತ್ತೇನೆ:

```
pdfinfo -f 1 -l 34 kraya.pdf
```

`612 x 1008` ಎಂದು ಬಂದವು ಲೀಗಲ್ ಪುಟಗಳು. ಓಡಿಸಿದ ಮೇಲೆ ಹಳೆಯ ಮತ್ತು ಹೊಸ ಕಡತಗಳನ್ನು ಅಕ್ಕಪಕ್ಕ ತೆರೆದು, ಒಂದೊಂದು ಲೀಗಲ್ ಪುಟದ ಮೊದಲ ಸಾಲು ಮತ್ತು ಕೊನೆಯ ಸಹಿಯನ್ನು ತಾಳೆ ನೋಡುತ್ತೇನೆ. ಕಾವೇರಿ ತಾಣದಿಂದ ಇಳಿಸಿಕೊಂಡ, ಡಿಜಿಟಲ್ ಸಹಿ ಇರುವ ಋಣಭಾರ ಪತ್ರವನ್ನು ಮಾತ್ರ ಈ ಕಟ್ಟಿಗೆ ಸೇರಿಸುವುದಿಲ್ಲ. ಯಾವ ವಿಧಾನದಿಂದ ಅಳತೆ ಬದಲಿಸಿದರೂ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲವಾದ್ದರಿಂದ, ಬ್ಯಾಂಕಿಗೆ ಅದನ್ನು ಇಳಿಸಿಕೊಂಡ ರೂಪದಲ್ಲೇ ಪ್ರತ್ಯೇಕ ಕಡತವಾಗಿ ಕಳುಹಿಸಿದೆ.