ಎಕ್ಸೆಲ್ ಸರ್ಟಿಫಿಕೇಟ್ ಇದ್ರೆ ಅಕೌಂಟ್ಸ್ ಕೆಲಸ ಗ್ಯಾರಂಟಿ ಅಂತಾರಲ್ಲ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬಿ.ಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕ್ತಿರೋರು, ಅದರಲ್ಲೂ ದಾವಣಗೆರೆ, ಹರಿಹರ, ರಾಣೇಬೆನ್ನೂರು ಕಡೆಯವರು, ದಯವಿಟ್ಟು ಪೂರ್ತಿ ಓದಿ. ಹೆಸರು ಹಾಕಲ್ಲ. ಹೆಸರು ಹಾಕಿದ್ರೆ ಕೇಸ್ ಹಾಕ್ತೀವಿ ಅಂತ ಆಗಲೇ ಒಂದ್ಸಲ ಹೇಳಿದ್ದಾರೆ. ಹೆಸರು ಬೇಕಾಗೂ ಇಲ್ಲ ಬಿಡಿ, ಇಂಥ ಸೆಂಟರ್ ಊರಿಗೆ ಹತ್ತಿವೆ, ಎಲ್ಲದರ ಪಾಂಪ್ಲೆಟ್ಟೂ ಒಂದೇ ಥರ.

ಕೋರ್ಸ್ ಹೆಸರು "ಅಡ್ವಾನ್ಸ್ಡ್ ಎಕ್ಸೆಲ್, ಟ್ಯಾಲಿ, ಜಿಎಸ್‌ಟಿ". ಆರು ತಿಂಗಳು, ₹14,500. ಕೊನೆಗೆ ಸರ್ಟಿಫಿಕೇಟ್‌ಗೆ ಅಂತ ಬೇರೆ ₹1,500, ಅದು ಮೊದಲು ಹೇಳಿರಲಿಲ್ಲ. ಗೋಡೆ ತುಂಬ ಫ್ರೇಮ್ ಹಾಕಿದ ಕಾಗದಗಳು. ಕೌಂಟರ್‌ನಲ್ಲಿದ್ದ ಸರ್ ಒಂದೊಂದಕ್ಕೂ ಬೆರಳು ತೋರಿಸಿ ಹೇಳಿದ್ರು, "ಐಎಸ್‌ಒ ಸರ್ಟಿಫೈಡ್. ಸೆಂಟ್ರಲ್ ಗವರ್ನಮೆಂಟ್ ರಿಜಿಸ್ಟರ್ಡ್. ಆಡಿಟರ್ ಆಫೀಸಿಗೂ ನಡೆಯುತ್ತೆ, ಎಫ್‌ಡಿಎ ಎಸ್‌ಡಿಎಗೂ ನಡೆಯುತ್ತೆ." ನಮ್ಮಪ್ಪ ಪಕ್ಕದಲ್ಲೇ ಕೂತಿದ್ರು. ಗವರ್ನಮೆಂಟ್ ಅನ್ನೋ ಪದ ಕೇಳಿದ ಮೇಲೆ ಅವರು ಇನ್ನೇನೂ ಕೇಳಲಿಲ್ಲ.

ಆ ಸೆಂಟ್ರಲ್ ಗವರ್ನಮೆಂಟ್ ಕಾಗದ ಏನು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅದು ಉದ್ಯಮ್ ನೋಂದಣಿ. ಹಿಟ್ಟಿನ ಗಿರಣಿಯವರೂ ಮಾಡಿಸ್ತಾರೆ, ಟೈಲರ್ ಅಂಗಡಿಯವರೂ ಮಾಡಿಸ್ತಾರೆ. ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ನಮ್ಮದು ಇಂಥ ಉದ್ಯಮ ಅಂತ ನಾವೇ ಬರೆದುಕೊಟ್ರೆ ಸಾಕು. ಅಲ್ಲಿ ಪಾಠ ಏನು, ಪರೀಕ್ಷೆ ಹೇಗೆ ಅಂತ ಸರ್ಕಾರದವರು ಯಾರೂ ಬಂದು ನೋಡಿರಲ್ಲ. ಐಎಸ್‌ಒ 9001 ಇದೆಯಲ್ಲ, ಅದೂ ಆಫೀಸು ನಡೆಸೋ ಪದ್ಧತಿಗೆ ಸಂಬಂಧಪಟ್ಟದ್ದು. ನನಗೆ ಎಕ್ಸೆಲ್ ಬರುತ್ತೋ ಇಲ್ವೋ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಎಫ್‌ಡಿಎ ಎಸ್‌ಡಿಎ ಮಾತಂತೂ ಶುದ್ಧ ಸುಳ್ಳು. ಅಲ್ಲಿ ಆಯ್ಕೆ ಆಗೋದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕದ ಮೇಲೆ, ಇವರ ಕಾಗದಕ್ಕೆ ಒಂದು ಮಾರ್ಕ್ಸೂ ಇಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಅಂತ ಇರೋದು ನಿಜ, 2012ರ ನಿಯಮ. ಆದ್ರೆ ಅದು ಕೆಲಸಕ್ಕೆ ಸೇರಿದ ಮೇಲೆ ಬರೆಯೋದು. ಇಂಕ್ರಿಮೆಂಟು, ಪ್ರೊಬೇಷನ್ನು, ಬಡ್ತಿಗೆ ಅದು ಬೇಕು. ಇವರು ಆ ಹೆಸರು ಕೇಳಿಕೊಂಡು ಹೊರಗಿನ ಹುಡುಗರ ಮುಂದೆ ಬೇರೆ ಕಥೆ ಕಟ್ತಾರೆ.

ಕ್ಲಾಸಿನ ವಿಷಯ ಬೇಗ ಮುಗಿಸ್ತೀನಿ. ಹತ್ತು ವಿದ್ಯಾರ್ಥಿಗಳ ಹೆಸರು, ಮೂರು ವಿಷಯದ ಮಾರ್ಕ್ಸು, ಅದೇ ಪಟ್ಟಿ ಆರು ತಿಂಗಳು. ಅದರ ಮೇಲೇ ಟೋಟಲ್, ಅದರ ಮೇಲೇ ವಿಲುಕಪ್, ಅದರ ಮೇಲೇ ಪಿವಟ್. ಪರೀಕ್ಷೆ ಅಂದ್ರೆ ಆಬ್ಜೆಕ್ಟಿವ್ ಪ್ರಶ್ನೆಗಳು, ಹಿಂದಿನ ದಿನ ಸಂಜೆ ಗ್ರೂಪಿಗೆ ಹಾಕಿದ್ದವೇ. ಕಾಪಿ ಮಾಡೋ ಶಾರ್ಟ್‌ಕಟ್ ಯಾವುದು, ಸೇವ್ ಮಾಡೋದು ಯಾವುದು. ಎಲ್ಲರಿಗೂ ಎ ಪ್ಲಸ್. ಆರು ತಿಂಗಳಲ್ಲಿ ಹೆಚ್ಚುಕಮ್ಮಿ ಬರದೇ ಇದ್ದವನಿಗೂ ಎ ಪ್ಲಸ್.

ಈಗ ಇಂಟರ್‌ವ್ಯೂ ದಿನ. ಆಡಿಟರ್ ಆಫೀಸು, ಹಿರಿಯರು, ಮರ್ಯಾದಸ್ಥರು. ಸರ್ಟಿಫಿಕೇಟ್ ಕೊಟ್ಟೆ. ಅದರ ಮೂಲೆಯಲ್ಲಿ ಕ್ಯೂಆರ್ ಇತ್ತು, ಅದನ್ನ ನೋಡೇ ನನಗೂ ಒಂದು ಹೆಮ್ಮೆ ಇತ್ತು. ಅವರು ಮೊಬೈಲ್ ತೆಗೆದು ಸ್ಕ್ಯಾನ್ ಮಾಡಿದ್ರು. ಸೆಂಟರ್‌ನವರದ್ದೇ ವೆಬ್‌ಸೈಟ್ ತೆರೆಯಿತು. ಅಲ್ಲಿ ನನ್ನ ಫೋಟೋ, ಗ್ರೇಡು, ಕೆಳಗೆ ಹಸಿರು ಬಣ್ಣದಲ್ಲಿ "ವೆರಿಫೈಡ್". ಅವರು ಫೋನ್ ನನ್ನ ಕಡೆ ತಿರುಗಿಸಿ, "ನೋಡಮ್ಮ, ಪಾತ್ರೆ ಮೇಲೆ ತಮ್ಮ ಹೆಸರು ತಾವೇ ಕೊರೆಸಿಕೊಂಡ ಹಾಗಾಯ್ತು ಇದು. ಪಾತ್ರೆ ಯಾರದ್ದು ಅಂತ ಗೊತ್ತಾಗುತ್ತೆ, ಹಿತ್ತಾಳೆಯೋ ತಗಡೋ ಗೊತ್ತಾಗಲ್ಲ" ಅಂದ್ರು. ಪಕ್ಕದ ಟೇಬಲಿನ ಇಬ್ಬರು ಹುಡುಗರು ತಲೆ ತಗ್ಗಿಸಿ ನಕ್ಕರು. ನನ್ನ ಕಿವಿ ಬಿಸಿಯಾಯ್ತು.

ಆಮೇಲೆ ಒಂದು ಫೈಲ್ ಕೊಟ್ರು. ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯ ಒಂದು ತಿಂಗಳ ಖರೀದಿ ಲೆಕ್ಕ, ಟ್ಯಾಲಿಯಿಂದ ತೆಗೆದಿದ್ದು. ಇನ್ನೊಂದು ಶೀಟಲ್ಲಿ ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿದ 2ಬಿ, ಅಂದ್ರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ. "ಎರಡನ್ನೂ ತಾಳೆ ನೋಡಿ, ಯಾವ ಬಿಲ್ಲು ಪೋರ್ಟಲ್‌ನಲ್ಲಿ ಬಂದಿಲ್ಲ ಹೇಳು. ಅರ್ಧ ಗಂಟೆ ತಗೋ." ಈ ಕೆಲಸ ಯಾಕೆ ಅಂದ್ರೆ, ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ತೋರಿಸಿ ಬಿಲ್ಲು 2ಬಿಯಲ್ಲಿ ಬಂದ್ರೆ ಮಾತ್ರ ಅಂಗಡಿಯವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುತ್ತೆ. 2022ರ ಜನವರಿಯಿಂದ ಹಾಗೇ. ಪ್ರತಿ ತಿಂಗಳು 14ನೇ ತಾರೀಖು 2ಬಿ ಬಂದ ಮೇಲೆ ಆಡಿಟರ್ ಆಫೀಸಿನ ಹುಡುಗ ಹುಡುಗಿಯರು ಮಾಡೋ ಕೆಲಸ ಇದೇ. ನಮ್ಮ ಸೆಂಟರ್‌ನಲ್ಲಿ "ಜಿಎಸ್‌ಟಿ" ಅಂತ ಪಾಂಪ್ಲೆಟ್‌ನಲ್ಲಿ ಇತ್ತಲ್ಲ, ಅಲ್ಲಿ 2ಬಿ ಫೈಲನ್ನ ಒಂದ್ಸಲವೂ ತೆರೆದು ತೋರಿಸಿರಲಿಲ್ಲ. ಒಂದ್ಸಲವೂ.

ನಾನು ಕಲಿತಿದ್ದನ್ನೇ ಹಾಕಿದೆ. ಬಿಲ್ ನಂಬರ್ ಹಿಡಿದು ಪೋರ್ಟಲ್ ಶೀಟಿನಿಂದ ಮೊತ್ತ ತರೋದು:

```
=VLOOKUP(B2,Portal!B:E,4,FALSE)
```

ಕೆಳಗೆಳೆದೆ. ಅರ್ಧಕ್ಕರ್ಧ `#N/A`. ನನಗೆ ಖುಷಿಯಾಯ್ತು, ಇವೆಲ್ಲ ಬಂದಿಲ್ಲದ ಬಿಲ್ಲು ಅಂತ ಹಳದಿ ಬಣ್ಣ ಹಚ್ಚಿದೆ. ಅವರು ಬಂದು ನೋಡಿ ಒಂದು ಸಾಲಿನ ಮೇಲೆ ಪೆನ್ನಿಟ್ರು. ಬಿಲ್ 457. "ಪೋರ್ಟಲ್ ಶೀಟಲ್ಲಿ ಹುಡುಕು." ಹುಡುಕಿದೆ, 457 ಅಲ್ಲೇ ಇದೆ! ಕಣ್ಣಿಗೆ ಕಾಣ್ತಿದೆ, ಎಕ್ಸೆಲ್ ಇಲ್ಲ ಅಂತಿದೆ. ಯಾಕೆ ಅಂದ್ರೆ ಟ್ಯಾಲಿ ಶೀಟಲ್ಲಿ ಅದು ಸಂಖ್ಯೆ, ಪೋರ್ಟಲ್ ಶೀಟಲ್ಲಿ ಅದೇ 457 ಅಕ್ಷರದ ಥರ ಕೂತಿದೆ. ಸೆಲ್ಲಿನ ಎಡಕ್ಕೆ ಅಂಟಿಕೊಂಡಿರುತ್ತೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇರುತ್ತೆ. ವಿಲುಕಪ್‌ಗೆ ಅವೆರಡೂ ಬೇರೆ ಬೇರೆ. ನಮ್ಮ ಹತ್ತು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇದು ಹೇಗೆ ತಾನೇ ಬರಬೇಕು?

ಅದಾದ್ರೂ ಹೋಗ್ಲಿ, `#N/A` ಬಂದ್ರೆ ಏನೋ ತಪ್ಪಿದೆ ಅಂತಾದ್ರೂ ಗೊತ್ತಾಗುತ್ತೆ. ಆಮೇಲೆ ಇನ್ನೊಂದು ಸಾಲು ತೋರಿಸಿದ್ರು. ಬಿಲ್ 112, ನಮ್ಮ ಲೆಕ್ಕದಲ್ಲಿ ₹18,400, ಪೋರ್ಟಲ್‌ನಿಂದ ಬಂದಿದ್ದು ₹48,100. ನಾನು "ವ್ಯತ್ಯಾಸ" ಅಂತ ಬರೆದಿದ್ದೆ. "ಈ 112 ಯಾರದ್ದಮ್ಮ?" ಅಂದ್ರು. ಪೇಂಟ್ ಸಪ್ಲೈಯರ್‌ದೂ 112, ಪೈಪ್ ಸಪ್ಲೈಯರ್‌ದೂ 112. ವಿಲುಕಪ್ ಮೇಲಿನಿಂದ ಮೊದಲು ಸಿಕ್ಕಿದ 112ನ್ನ ತಂದುಕೊಟ್ಟಿದೆ, ಪೇಂಟಿನವನ ಬಿಲ್ಲಿಗೆ ಪೈಪಿನವನ ದುಡ್ಡು. ಯಾವ ಎರರ್ರೂ ತೋರಿಸಲ್ಲ. "ಇದನ್ನ ನಂಬಿ ನಾವು ಸಪ್ಲೈಯರ್‌ಗೆ ಫೋನ್ ಮಾಡಿದ್ರೆ ಅವನು ನಮ್ಮನ್ನ ಬೈತಾನೆ" ಅಂದ್ರು.

ಅವರು ದೊಡ್ಡ ಮನಸ್ಸಿನವರು, ಹೇಗೆ ಮಾಡಬೇಕು ಅಂತ ತೋರಿಸಿಯೇ ಕಳಿಸಿದ್ರು. ಪೋರ್ಟಲ್ ಶೀಟಿನ ಮೊದಲಿಗೆ ಒಂದು ಖಾಲಿ ಕಾಲಂ ಸೇರಿಸಿ, ಅದರಲ್ಲಿ ಸಪ್ಲೈಯರ್‌ನ 15 ಅಕ್ಷರದ ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ ಜೋಡಿಸೋದು:

```
=B2&"|"&TRIM(C2)
```

ನಮ್ಮ ಶೀಟಿಂದ ಹುಡುಕೋವಾಗಲೂ ಅದೇ ಥರ ಜೋಡಿಸಿ ಹುಡುಕೋದು:

```
=VLOOKUP(A2&"|"&TRIM(B2),Portal!A:F,6,FALSE)
```

ಜೋಡಿಸಿದ ಕೂಡ್ಲೇ ಎರಡು ಕಡೆಯೂ ಅಕ್ಷರವೇ ಆಗುತ್ತೆ, ಆ 457ರ ಗೋಳು ಹೋಯ್ತು. ಜಿಎಸ್‌ಟಿ ನಂಬರ್ ಬೇರೆ ಆಗಿರೋದ್ರಿಂದ 112 ಎರಡೂ ಬೇರೆಯಾದವು. ಟ್ರಿಮ್ ಹಿಂದೆ ಮುಂದೆ ಇರೋ ಖಾಲಿ ಜಾಗ ಕಿತ್ತುಹಾಕುತ್ತೆ. ಇಷ್ಟು ಮಾಡಿದ ಮೇಲೂ `#N/A` ಉಳಿದವನ್ನ ಒಂದೊಂದಾಗಿ ಕಣ್ಣಲ್ಲೇ ನೋಡಬೇಕು, ಯಾಕಂದ್ರೆ ಒಬ್ಬ 0118 ಅಂತ ಬರೆದಿರ್ತಾನೆ, ಇನ್ನೊಂದು ಕಡೆ 118 ಅಂತ ಇರುತ್ತೆ. ಅದಕ್ಕೆ ಫಾರ್ಮುಲಾ ಸಾಲಲ್ಲ. ಹತ್ತು ನಿಮಿಷದ ಪಾಠ ಸ್ವಾಮಿ! ₹16,000 ಕೊಟ್ಟು ಆರು ತಿಂಗಳಲ್ಲಿ ಸಿಗದೇ ಇದ್ದಿದ್ದು, ಕೆಲಸ ಕೊಡಲ್ಲ ಅಂದವರ ಹತ್ರ ಪುಕ್ಕಟೆ ಸಿಕ್ತು.

ಸೆಂಟರ್‌ಗೆ ಹೋಗಿ ಕೇಳಿದೆ. ಉತ್ತರ ಕೇಳಿ. "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂದಿದ್ದು ಮೇಡಂ, ಗ್ಯಾರಂಟಿ ಅಂದಿಲ್ಲ." ಪಾಂಪ್ಲೆಟ್ ತೋರಿಸಿದೆ, ಅದರಲ್ಲಿ ನೂರಕ್ಕೆ ನೂರು ಅಂತ ಇದೆ. "ಅದು ನೂರಕ್ಕೆ ನೂರು ಅಸಿಸ್ಟೆನ್ಸ್." 2ಬಿ ಯಾಕೆ ಕಲಿಸಲಿಲ್ಲ ಅಂದೆ. "ಅದು ಸಿಲಬಸ್‌ನಲ್ಲಿ ಇಲ್ಲ, ಪ್ರೊಫೆಷನಲ್ ಕೋರ್ಸ್‌ನಲ್ಲಿ ಬರುತ್ತೆ, ನೀವು ಹಳೇ ಸ್ಟೂಡೆಂಟ್ ಅಂತ ₹9,000ಕ್ಕೆ ಮಾಡಿಕೊಡ್ತೀವಿ." ಕೇಳಿದ್ರಾ? ಮೋಸ ಹೋದವಳ ಹತ್ರಾನೇ ಇನ್ನೊಂದು ಕೋರ್ಸ್ ಮಾರೋಕೆ ಬಂದ್ರು! ದುಡ್ಡು ವಾಪಸ್ ಕೇಳಿದ್ರೆ ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ "ಶುಲ್ಕ ಹಿಂತಿರುಗಿಸುವುದಿಲ್ಲ" ಅಂತ ಇರೋದನ್ನ ತೋರಿಸಿದ್ರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಅದಾದ ಮೇಲೇ ಕೇಸ್ ಹಾಕ್ತೀವಿ ಅನ್ನೋ ಮೆಸೇಜ್ ಬಂದಿದ್ದು.

ಎಲ್ಲಾ ಸರ್ಟಿಫಿಕೇಟೂ ದಂಡ ಅಂತಲ್ಲ. ಮೈಕ್ರೋಸಾಫ್ಟ್ ಆಫೀಸ್ ಸ್ಪೆಷಲಿಸ್ಟ್ ಅಂತ ಇದೆ, ಅದರ ಪರೀಕ್ಷೆಯಲ್ಲಿ ಎಕ್ಸೆಲ್‌ನಲ್ಲೇ ಕೆಲಸ ಮಾಡಿ ತೋರಿಸಬೇಕು, ಪರೀಕ್ಷೆ ನಡೆಸೋ ಸರ್ಟಿಪೋರ್ಟ್‌ನವರ ಸೈಟ್‌ನಲ್ಲಿ ಕೋಡ್ ಹಾಕಿ ಯಾರು ಬೇಕಾದ್ರೂ ನೋಡಬಹುದು. ನೀಲಿಟ್‌ನ ಸಿಸಿಸಿ ಕೇಂದ್ರ ಸರ್ಕಾರದ್ದೇ. ಆದ್ರೆ ಅದು ಕಂಪ್ಯೂಟರ್‌ನ ಅ ಆ ಇ ಈ, ನೂರು ಆಬ್ಜೆಕ್ಟಿವ್ ಪ್ರಶ್ನೆ. ನೋಟಿಫಿಕೇಶನ್‌ನಲ್ಲಿ ಕೇಳಿದ್ರೆ ಮಾಡ್ಕೊಳ್ಳಿ, ಕೇಳದೇ ಇದ್ರೆ ಬೇಡ. ಆಡಿಟರ್ ಆಫೀಸು, ಹೋಲ್‌ಸೇಲ್ ಅಂಗಡಿಗಳಲ್ಲಿ ಇವೆರಡರ ಹೆಸರೂ ಯಾರೂ ಕೇಳಲಿಲ್ಲ, ಹೋದ ಕಡೆಯೆಲ್ಲಾ ಫೈಲ್ ಕೊಟ್ಟು ಮಾಡು ಅಂದ್ರು ಅಷ್ಟೇ.

ಅದಕ್ಕೇ, ಸೇರಲೇಬೇಕು ಅಂತಿದ್ರೆ ದುಡ್ಡು ಕಟ್ಟೋ ಮುಂಚೆ ಕೌಂಟರ್‌ನಲ್ಲಿ ಒಂದೇ ಮಾತು ಕೇಳಿ: "ಒಂದು ತಿಂಗಳ 2ಬಿಯನ್ನ ಖರೀದಿ ಲೆಕ್ಕದ ಜೊತೆ ತಾಳೆ ಮಾಡಿ ತೋರಿಸಿ ಸರ್." ಸಿಲಬಸ್ ಅಂತ ತಡವರಿಸಿದ್ರೆ ಎದ್ದು ಬನ್ನಿ. ಅಪ್ಪಂದಿರನ್ನ ಫ್ರೇಮ್ ಇರೋ ಗೋಡೆ ಎದುರು ಕೂರಿಸಬೇಡಿ.

ನನಗೆ ಈಗ ಟ್ರಾನ್ಸ್‌ಪೋರ್ಟ್ ಆಫೀಸ್ ಒಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿದೆ, ನಮ್ಮ ಸೋದರಮಾವನ ಪರಿಚಯದಿಂದ. ಸರ್ಟಿಫಿಕೇಟ್ ಅಲ್ಲಿ ಯಾರೂ ನೋಡಲೇ ಇಲ್ಲ. ಹೋದ ವಾರ ಸೆಂಟರ್ ಮುಂದೆ ಹೊಸ ಫ್ಲೆಕ್ಸ್ ಬಂದಿದೆ, "ಉದ್ಯೋಗ ಪಡೆದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು" ಅಂತ, ಅದರಲ್ಲಿ ನನ್ನ ಫೋಟೋ! ತೆಗೀರಿ ಅಂದ್ರೆ "ನಿಮಗೂ ಪಬ್ಲಿಸಿಟಿ ಅಲ್ವಾ ಮೇಡಂ" ಅಂತ ನಗ್ತಾರೆ. ಆ ಫ್ಲೆಕ್ಸ್ ನೋಡಿ ಯಾರೂ ಒಳಗೆ ಹೋಗಬೇಡಿ. ಎಡಗಡೆಯಿಂದ ಮೂರನೆಯವಳು, ಗುಲಾಬಿ ಚೂಡಿದಾರ, ಅದು ನಾನು. ನನಗೆ ಕೆಲಸ ಕೊಡಿಸಿದ್ದು ಅವರಲ್ಲ.